ಬ್ಯಾಂಡ್ ದಾಟುವಂತಿಲ್ಲ, ಏನಂತ ಬರೆಯಲಿ?

*ನಮ್ಮ ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಒಬ್ಬ ಒಳ್ಳೆಯ ಅಭ್ಯರ್ಥಿಗೆ ಆಫರ್ ಕಳಿಸಿದ್ದೇವೆ. ಆ ಹುದ್ದೆಯ ಬ್ಯಾಂಡಿನ ಗರಿಷ್ಠ ಸಂಬಳ 100 ಎಂದಿಟ್ಟುಕೊಳ್ಳಿ. ನಾವು ಹೇಳಿದ್ದು 96, ಆಕೆ ಕೇಳುತ್ತಿರುವುದು 110. ಬ್ಯಾಂಡ್ ದಾಟುವಂತಿಲ್ಲ. ಆಕೆಯನ್ನು ಕಳೆದುಕೊಳ್ಳುವ ಮನಸ್ಸೂ ಇಲ್ಲ. ಏನಂತ ಉತ್ತರ ಕೊಡಲಿ?*
*— ಒಬ್ಬ ಓದುಗರು*

ಮೊದಲು ಆ 4ರ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಬ್ಯಾಂಡ್ ನಿಲ್ಲುವುದು 100ಕ್ಕೆ, ನಿಮ್ಮ ಆಫರ್ ನಿಂತಿರುವುದು 96ಕ್ಕೆ. ‘ಏನೂ ಮಾಡಕ್ಕಾಗಲ್ಲ’ ಎಂದು ಬರೆದು, ಆಕೆ ಇನ್ನೊಮ್ಮೆ ಕೇಳಿದಾಗ 100 ಮಾಡಿಬಿಟ್ಟರೆ ಆಮೇಲೆ ನಿಮ್ಮ ಯಾವ ‘ಇಲ್ಲ’ವನ್ನೂ ಆಕೆ ನಂಬುವುದಿಲ್ಲ. ಕೊಡುವುದಾದರೆ ಒಂದೇ ಸಲ ಕೊಟ್ಟು, ಇದೇ ಕೊನೆ ಎನ್ನಿ.

ಆದರೆ 100ಕ್ಕೆ ಸೇರಿದವರಿಗೆ ಬ್ಯಾಂಡಿನೊಳಗೆ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಬ್ಯಾಂಡನ್ನೇ ಪರಿಷ್ಕರಿಸುವವರೆಗೆ, ಇಲ್ಲವೇ ಬಡ್ತಿ ಸಿಗುವವರೆಗೆ ಅವರ ಇನ್‌ಕ್ರಿಮೆಂಟ್ ಹೆಚ್ಚುಕಡಿಮೆ ನಿಂತಂತೆಯೇ. ಇದನ್ನು ಈಗಲೇ ಆಕೆಗೆ ಹೇಳಿ. ಎಷ್ಟೋ ಕಡೆ ಇದನ್ನು ಸುಮ್ನೆ ಮುಚ್ಚಿಡುತ್ತಾರೆ. ಮೊದಲ ವರ್ಷದ ಅಪ್ರೈಸಲ್‌ನಲ್ಲಿ ಜಗಳ ಶುರುವಾಗುವುದು ಅಲ್ಲಿಂದಲೇ.

ಉಳಿದ 10ರಲ್ಲಿ ಒಂದಷ್ಟನ್ನು ಜಾಯಿನಿಂಗ್ ಬೋನಸ್ ಆಗಿ ಕೊಡಬಹುದು. ಅದು ಸಾಮಾನ್ಯವಾಗಿ ಬ್ಯಾಂಡಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಒಪ್ಪಿಗೆ ಸಿಗುವುದೂ ಸುಲಭ. ಆದರೆ ಎರಡನೇ ವರ್ಷ ಆಕೆಯ ಕೈಗೆ ಬರುವ ಹಣ ಅಷ್ಟೇ ಕಡಿಮೆಯಾಗುತ್ತದೆ, ಅಲ್ವಾ? ಜೊತೆಗೆ, ಬೇಗ ಕೆಲಸ ಬಿಟ್ಟರೆ ಬೋನಸ್ ವಾಪಸ್ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಆಫರ್ ಪತ್ರದಲ್ಲೇ ಕಾಣುವಂತೆ ಬರೆಯಿರಿ.

ಆಕೆಯ ಅನುಭವ ನಿಜಕ್ಕೂ ಮೇಲಿನ ಗ್ರೇಡಿನದ್ದಾಗಿದ್ದರೆ ಮಾತು ಬೇರೆ. ಆಗ ಸರಿಮಾಡಬೇಕಾದದ್ದು ಗ್ರೇಡು. ಇಂಟರ್‌ವ್ಯೂ ಮಾಡಿದವರನ್ನು ಒಮ್ಮೆ ಕೇಳಿ. ಆದರೆ ಸಂಬಳ ಹೊಂದಿಸುವುದಕ್ಕೆಂದೇ ಗ್ರೇಡ್ ಏರಿಸಿದರೆ ಆಕೆ ಆ ಮೇಲಿನ ಹುದ್ದೆಯ ಕೆಲಸದಲ್ಲಿ ಸೋಲಬಹುದು.

ಮೊದಲು ಫೋನ್ ಮಾಡಿ, ಆಮೇಲೆ ಮೇಲ್ ಕಳಿಸಿ. ಒಕ್ಕಣೆ ಹೀಗಿರಲಿ:

“ನೀವು ಕೇಳಿದ 110 ಕೊಡಲು ನಮ್ಮಿಂದ ಆಗುವುದಿಲ್ಲ. ಈ ಹುದ್ದೆಯ ಗರಿಷ್ಠ ಸಂಬಳ 100. ಇದೇ ಕೆಲಸದಲ್ಲಿ ಈಗಾಗಲೇ ಇರುವವರಿಗೂ ಇದೇ ಮಿತಿ. ನಿಮಗೆ 100 ಕೊಡುತ್ತೇವೆ, ಜೊತೆಗೆ ಒಂದು ಸಲಕ್ಕೆ 6 ಜಾಯಿನಿಂಗ್ ಬೋನಸ್. ಇದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಶುಕ್ರವಾರದೊಳಗೆ ನಿಮ್ಮ ನಿರ್ಧಾರ ತಿಳಿಸಿ.”

‘ಪ್ರಯತ್ನ ಮಾಡ್ತೀನಿ’, ‘ಸೇರಿದ ಮೇಲೆ ನೋಡೋಣ’ ಎಂಬ ಮಾತು ಬೇಡ. ಆರು ತಿಂಗಳಿಗೆ ಸಂಬಳ ಪರಿಶೀಲಿಸುವ ಭರವಸೆಯೂ 100ಕ್ಕೆ ಸೇರುವವರಿಗೆ ಅರ್ಥವಿಲ್ಲದ್ದು. 96ಕ್ಕೇ ನಿಲ್ಲಿಸುವುದಾದರೆ ಆ ಭರವಸೆ ಕೊಡಿ, ಯಾವ ತಿಂಗಳು, ಏನನ್ನು ಆಧರಿಸಿ ಪರಿಶೀಲಿಸುತ್ತೀರಿ ಎಂದು ಬರೆದು ಕೊಡಿ.

ಶುಕ್ರವಾರ ಆಕೆ 110ಕ್ಕೇ ಅಂಟಿಕೊಂಡರೆ ಎರಡನೇ ಅಭ್ಯರ್ಥಿಗೆ ಫೋನ್ ಮಾಡಿ. ಅವರಿಗೆ ಇನ್ನೂ ‘ಆಯ್ಕೆಯಾಗಿಲ್ಲ’ ಎಂದು ಹೇಳಿಲ್ಲ ತಾನೆ?