ಆ ಹತ್ತು ಪದಗಳನ್ನು ಎಲ್ಲಿ ಬಿಟ್ಟಿರಿ?

"ಸರ್, ಶ್ರೇಢಿಯೊಂದು L ಎಂಬ ಮಿತಿಗೆ ಹೋದರೆ ಅದರ ಮೊದಲ n ಪದಗಳ ಸರಾಸರಿಯೂ L ಗೇ ಹೋಗುತ್ತದೆ ಎಂಬುದರ ಬಗ್ಗೆ ಲೇಖನ ಕಳಿಸಿದ್ದೇನೆ. ಪದಗಳೆಲ್ಲ L ಹತ್ತಿರ ಬರುವುದರಿಂದ ಸರಾಸರಿಯೂ ಬರುತ್ತದೆ ಅಂತ ಸಾಧನೆ ಕೊಟ್ಟಿದ್ದೇನೆ. ಪ್ರಕಟಿಸಬಹುದಾ?"

ಸದ್ಯಕ್ಕೆ ಆಗಲ್ಲ. ಭಾಷೆ ಚೆನ್ನಾಗಿದೆ, ಆದರೆ ಸಾಧನೆ ಇರಬೇಕಾದ ಜಾಗ ಖಾಲಿ ಇದೆ.

ಪದಗಳು "ಎಲ್ಲ" ಹತ್ತಿರ ಬರಲ್ಲ, ಅಲ್ವಾ? ಒಂದು ಹಂತದ ನಂತರದವು ಮಾತ್ರ ಬರುತ್ತವೆ. ಮೊದಲ ಹತ್ತು ಪದಗಳು 1000, ಆಮೇಲಿನವೆಲ್ಲ 5 ಅಂತಿಟ್ಟುಕೊಳ್ಳಿ. ಹನ್ನೊಂದನೇ ಪದಕ್ಕೇ ಶ್ರೇಢಿ ತನ್ನ ಮಿತಿ ಮುಟ್ಟಿಬಿಟ್ಟಿತು. ಸರಾಸರಿ? ಆ ಹತ್ತು ಪದಗಳು ಒಂದೊಂದೂ 995 ಜಾಸ್ತಿ ಇವೆ, ಒಟ್ಟು 9950, ಹಾಗಾಗಿ ಸರಾಸರಿ 5 + 9950/n. ನೂರು ಪದ ಆದಮೇಲೂ ಅದು 104.5 ರಲ್ಲೇ ಕೂತಿರುತ್ತದೆ. ಹತ್ತು ಸಾವಿರಕ್ಕೆ 5.995. ವ್ಯತ್ಯಾಸ 0.01 ಕ್ಕಿಂತ ಕಡಿಮೆ ಆಗಬೇಕಾದರೆ n 9,95,000 ದಾಟಬೇಕು! ನಿಮ್ಮ ಒಂದು ಸಾಲಿನ ಸಾಧನೆಯಲ್ಲಿ ಈ ಹಳೇ ಸಾಲದ ಲೆಕ್ಕವೇ ಇಲ್ಲ.

ಆ ಸಾಲ ತೀರುವುದು ಹೇಗೆ ಅಂತ ತೋರಿಸುವುದೇ ಸಾಧನೆ. ಶ್ರೇಢಿಯ k ನೇ ಪದವನ್ನು a_k ಅನ್ನಿ. ಸರಾಸರಿಯಿಂದ L ಕಳೆದರೆ ಉಳಿಯುವುದು (a_k − L) ಗಳ ಸರಾಸರಿ. ಯಾರೋ ಒಂದು ε > 0 ಕೊಟ್ಟರು. ಮೊದಲು N ಹುಡುಕಿ: k > N ಆದರೆ |a_k − L| < ε/2 ಇರಬೇಕು. ಈಗ ಮೊತ್ತವನ್ನು N ನಲ್ಲಿ ಎರಡಾಗಿ ಕತ್ತರಿಸಿ. N ನಂತರದ ಭಾಗದಲ್ಲಿ ಹೆಚ್ಚೆಂದರೆ n ಪದಗಳು, ಒಂದೊಂದೂ ε/2 ಗಿಂತ ಚಿಕ್ಕದು, n ನಿಂದ ಭಾಗಿಸಿದಾಗಲೂ ε/2 ದಾಟಲ್ಲ. ಮೊದಲ N ಪದಗಳ |a_k − L| ಗಳ ಮೊತ್ತ C ಅನ್ನಿ. ಅದು ಎಷ್ಟೇ ದೊಡ್ಡದಿರಲಿ, N ಗೊತ್ತಾದಮೇಲೆ ಒಂದೇ ಸಂಖ್ಯೆ, n ಬೆಳೆದರೂ ಅದು ಬೆಳೆಯಲ್ಲ. n > 2C/ε ಆದಾಗ C/n < ε/2. n ಈ ಎರಡನ್ನೂ, ಅಂದರೆ N ಮತ್ತು 2C/ε ಗಳನ್ನು, ದಾಟಿದರೆ ಒಟ್ಟು ವ್ಯತ್ಯಾಸ ε ಗಿಂತ ಕಡಿಮೆ. ಮುಗೀತು.

ಕ್ರಮ ತಪ್ಪಿಸಬೇಡಿ: ಮೊದಲು N, ಆಮೇಲೆ C, ಕೊನೆಗೆ n. N ದಾಟಿದ ಕೂಡಲೇ ಸರಾಸರಿಯೂ ಹತ್ತಿರ ಬಂತು ಅಂತ ಬರೆಯುವವರು ಬಹಳ ಜನ. ಮೇಲಿನ ಉದಾಹರಣೆಯಲ್ಲಿ ε ಏನೇ ಇದ್ದರೂ N = 10 ಸಾಕು, ಆದರೂ ಸರಾಸರಿಗೆ ಲಕ್ಷಗಟ್ಟಲೆ ಪದ ಬೇಕಾಯಿತು.

ಇನ್ನು ಕೊನೆಯ ಪ್ಯಾರಾದಲ್ಲಿ "ಸರಾಸರಿಗೆ ಮಿತಿ ಇದ್ದರೆ ಶ್ರೇಢಿಗೂ ಇರುತ್ತದೆ" ಅಂತ ಸುಮ್ನೆ ಸೇರಿಸಿದ್ದೀರಿ. ಅದು ತಪ್ಪು, ತೆಗೆದುಹಾಕಿ. 1, −1, 1, −1... ಹೀಗೇ ಹೋಗುವ ಶ್ರೇಢಿಗೆ ಮಿತಿ ಇಲ್ಲ, ಸರಾಸರಿ ಮಾತ್ರ 0 ಗೆ ಹೋಗುತ್ತದೆ.

ಪೀಠಿಕೆಯ ಎರಡು ಪ್ಯಾರಾ ಪೂರ್ತಿ ಕತ್ತರಿಸಿ, ಸಂಖ್ಯೆಗಳಿರುವ ಒಂದು ಉದಾಹರಣೆಯಿಂದ ಶುರುಮಾಡಿ, ಸಾಧನೆ ತುಂಬಿಸಿ ಮತ್ತೆ ಕಳಿಸಿ. ಓದುತ್ತೇನೆ.