ದುಃಖದಲ್ಲಿರುವ ಗೆಳೆಯನ ‘ಹೂಂ’

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಶಿರಸಿಯ ನನ್ನ ಗೆಳೆಯ ಯಾವ ಸಂದೇಶಕ್ಕೂ ‘ಹೂಂ’, ‘ಸರಿ’ ಎಂದಷ್ಟೇ ಬರೆಯುತ್ತಾನೆ. ನನ್ನ ಮೇಲೆ ಬೇಸರವಾಗಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ದುಃಖದಲ್ಲಿ ನಿದ್ದೆ ಕೆಡುತ್ತದೆ, ಗಮನ ನಿಲ್ಲುವುದಿಲ್ಲ, ‘ಹೇಗಿದ್ದೀಯ?’ ಎಂಬ ಪ್ರಶ್ನೆಗೆ ನಿಜ ಹೇಳಲು ಶಕ್ತಿ ಬೇಕು, ಸುಳ್ಳು ಹೇಳಲು ಇನ್ನೂ ಹೆಚ್ಚು ಬೇಕು, ಹೀಗಾಗಿ ಉಳಿಯುವುದು ‘ಹೂಂ’ ಮಾತ್ರ. ಎದುರಿಗಿದ್ದರೆ ಅದೇ ‘ಹೂಂ’ನಲ್ಲಿ ದಣಿದ ದನಿ ಕೇಳಿಸುತ್ತಿತ್ತು, ಫೋನಿನ ಪರದೆಯಲ್ಲಿ ಅದು ಸಿಟ್ಟಿನಂತೆ ಕಾಣುತ್ತದೆ.

ಉತ್ತರದ ಉದ್ದವನ್ನಲ್ಲ, ಅದರಲ್ಲಿ ಏನಿದೆ ಎಂಬುದನ್ನು ನೋಡಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲೇ ತಂದೆಯನ್ನು ಕಳೆದುಕೊಂಡ ನನ್ನ ಗೆಳೆಯನೊಬ್ಬನಿಗೆ ಕಾರವಾರದಿಂದ ನಾನು ‘ಏನಾದರೂ ಬೇಕಿದ್ದರೆ ಹೇಳು’ ಎಂದು ಬರೆದಾಗಲೆಲ್ಲ ‘ಸರಿ’ ಎಂದು ಬರುತ್ತಿತ್ತು. ‘ಶನಿವಾರ ಅಡಿಕೆ ಸುಲಿಯಲು ಬರಲಾ?’ ಎಂದು ಕೇಳಿದಾಗ ಬಂದದ್ದು, ‘ಬಾ. ಎಂಟು ಗಂಟೆಗೆ.’ ಅದೂ ಚುಟುಕೇ, ಆದರೆ ಅದರಲ್ಲಿ ಹೊತ್ತು ಇತ್ತು, ನನಗೆ ಜಾಗವೂ ಇತ್ತು. (ಸುಲಿಯಲು ನನಗೆ ಬಾರದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.)

ನಿಜವಾದ ಮುನಿಸು ಆಯ್ದು ಬರುತ್ತದೆ: ಉಳಿದವರೊಡನೆ ಮೊದಲಿನಂತೆಯೇ ಮಾತನಾಡಿ ನಿಮಗೊಬ್ಬರಿಗೇ ಹೀಗಾದರೆ ಮಾತ್ರ ಅನುಮಾನಿಸಬಹುದು. ಹದಿಮೂರನೆಯ ದಿನ ಕಳೆದು ನೆಂಟರು ಹೊರಟ ಮೇಲೆ ಉತ್ತರಗಳು ಇನ್ನೂ ಚಿಕ್ಕದಾಗಬಹುದು. ಆಗ ‘ಉತ್ತರ ಬರೆಯಬೇಕಿಲ್ಲ’ ಎಂದು ಸೇರಿಸಿ ಬರೆಯುತ್ತಿರಿ. ಆದರೆ ‘ಬದುಕಿ ಏನು?’ ಎಂಬಂಥ ಮಾತು ಬಂದರೆ ಅರ್ಥ ಹುಡುಕುತ್ತ ಕೂರದೆ ಕೂಡಲೇ ಫೋನ್ ಮಾಡಿ, ಮನೆಯವರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416.