ತೆಳು ಶರ್ಟ್ ಬಟ್ಟೆಗೆ ಕಾಜಾ

ದಾವಣಗೆರೆ ಬಿಸಿಲಿಗೆ ಅಂತ ತೆಳು ಕಾಟನ್ ಶರ್ಟ್ ಹೊಲಿದೆ. ಮೆಷಿನ್ ಕಾಜಾ ಹಾಕಿದರೆ ಬಟ್ಟೆ ಸುಕ್ಕಾಗುತ್ತದೆ, ಗುಂಡಿಯೂ ತೂರಲ್ಲ. ಏನು ಮಾಡಲಿ?

ಸುಕ್ಕಿಗೆ ಕಾರಣ ಬಟ್ಟೆಗೆ ಬಲ ಇಲ್ಲದಿರುವುದು. ಕಾಜಾದ ಝಿಗ್‌ಜಾಗ್ ಹೊಲಿಗೆ ಎರಡೂ ಕಡೆಯಿಂದ ಎಳೆಯುತ್ತದೆ, ತೆಳು ಬಟ್ಟೆ ನಡುವೆ ಗುಡ್ಡೆಯಾಗುತ್ತದೆ. ಗುಂಡಿಪಟ್ಟಿಯ ಒಳಗೆ ತೆಳ್ಳನೆಯ ಅಂಟು ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸಿ. ಕಾಲರ್‌ನ ದಪ್ಪ ಕ್ಯಾನ್ವಾಸ್ ಬೇಡ, ಪಟ್ಟಿ ರಟ್ಟಿನಂತಾಗುತ್ತದೆ. ಶರ್ಟ್ ಹೊಲಿದು ಮುಗಿದಿದೆ ಅಲ್ವಾ? ಹಾಗಾದರೆ ಪಟ್ಟಿಯ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಹೊಲಿಯಿರಿ, ಆಮೇಲೆ ಮೆಲ್ಲಗೆ ಹರಿದು ತೆಗೆಯಿರಿ. ಸೂಜಿ ಹೊಸದು, 11ನೇ ನಂಬರ್‌ನದು ಇರಲಿ.

ಕಾಜಾದ ಉದ್ದಕ್ಕೆ ಗುಂಡಿಯ ಅಗಲದ ಜೊತೆ ದಪ್ಪವನ್ನೂ ಕೂಡಿಸಬೇಕು. ಬಹಳ ಜನ ದಪ್ಪವನ್ನು ಮರೆಯುತ್ತಾರೆ. ಗುಂಡಿ 11 ಮಿಮೀ ಅಗಲ, 3 ಮಿಮೀ ದಪ್ಪ ಇದ್ದರೆ ಸೀಳು 14 ಮಿಮೀ. ಎರಡು ತುದಿಯ ಅಡ್ಡ ಹೊಲಿಗೆ ಈ ಅಳತೆಯ ಆಚೆಗೆ ಬರಬೇಕು. ಗುಮ್ಮಟದಂತೆ ಉಬ್ಬಿದ ಗುಂಡಿಯಾದರೆ ಅದರ ಸುತ್ತ ಕಾಗದದ ಪಟ್ಟಿ ಸುತ್ತಿ, ಆ ಉದ್ದದ ಅರ್ಧ ತೆಗೆದುಕೊಳ್ಳಿ.

ಮೊದಲು ಅದೇ ಬಟ್ಟೆಯ ತುಂಡಿಗೆ, ಅಷ್ಟೇ ಪದರ, ಅದೇ ಕ್ಯಾನ್ವಾಸ್ ಇಟ್ಟು ಒಂದು ಕಾಜಾ ಹಾಕಿ, ಸೀಳಿ, ಗುಂಡಿ ತೂರಿಸಿ ನೋಡಿ. ಆಗಲೂ ಸುಕ್ಕಾದರೆ ಹೊಲಿಗೆ ಜಾಸ್ತಿ ಒತ್ತಾಗಿದೆ, ಸ್ವಲ್ಪ ವಿರಳ ಮಾಡಿ.

ಸೀಳುವಾಗ ಎರಡೂ ತುದಿಯ ಅಡ್ಡ ಹೊಲಿಗೆಯ ಒಳಬದಿಗೆ ಒಂದೊಂದು ಗುಂಡುಪಿನ್ನು ಚುಚ್ಚಿ, ನಡುವಿನಿಂದ ತುದಿಗೆ ಕತ್ತರಿಸಿ. ಪಿನ್ನಿಲ್ಲದೆ ಸೀಳಲು ಹೋಗಿ ನಾನು ಒಂದು ಶರ್ಟ್ ಹಾಳು ಮಾಡಿದ್ದೇನೆ.